29 ಎಂಬ ಅಂಕದ ಹಿಂದೆ ಇದ್ದ ಬೋರ್‌ವೆಲ್ ನೀರು

ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಮಾರಿ, ಕೂರಿಸಿ, ರಿಪೇರಿಯನ್ನೂ ಮಾಡಿಕೊಡುವ ಮೈಸೂರಿನ ಒಂದು ಸಂಸ್ಥೆಯ ಗ್ರಾಹಕ ಸೇವಾ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಗ್ರಾಹಕರು ನಮ್ಮನ್ನು ಎಷ್ಟು ಮೆಚ್ಚಿದ್ದಾರೆಂದು ಅಳೆಯುವ ನೆಟ್ ಪ್ರಮೋಟರ್ ಸ್ಕೋರ್, ಅಂದರೆ ಎನ್‌ಪಿಎಸ್ ವರದಿಯನ್ನು ಮೂರು ತಿಂಗಳಿಗೊಮ್ಮೆ ಸಿದ್ಧಪಡಿಸುವುದು ನನ್ನ ಹೊಣೆ. ಕಳೆದ ಜನವರಿಯ ಮೊದಲ ವಾರದಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಅಂಕ 29 ಎಂದು ಬಂತು. ಹಿಂದಿನ ವರ್ಷ ಇದೇ ಮೂರು ತಿಂಗಳಲ್ಲಿ ಅದು 34 ಇತ್ತು. ಐದು ಅಂಕ ಇಳಿದದ್ದನ್ನು ಕಂಡು ನಮ್ಮ ಮುಖ್ಯಸ್ಥರು ಅದೇ ದಿನ ಸಭೆ ಕರೆದರು. ಮಂಡ್ಯ ಕಡೆಯಿಂದ ದೂರುಗಳು ಹೆಚ್ಚಿವೆ ಎಂಬ ಮಾತು ಮೊದಲೇ ಇತ್ತು. ಆದ್ದರಿಂದ ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಗಳಿಗೆ ಹೋಗುವ ತಂತ್ರಜ್ಞರ ಆ ಅವಧಿಯ ಇನ್ಸೆಂಟಿವ್ ತಡೆಹಿಡಿಯುವ ಪ್ರಸ್ತಾಪ ಅಲ್ಲಿಯೇ ಮಂಡನೆಯಾಯಿತು. ನಾನು ಒಂದು ವಾರದ ಸಮಯ ಕೇಳಿದೆ. "ಆಗಲಿ, ಆದರೆ ಮುಂದಿನ ಸೋಮವಾರ ಕಾರಣ ಏನು ಅಂತ ನೀವೇ ಹೇಳಬೇಕು" ಎಂದು ಅವರು ಒಪ್ಪಿದರು. ಆ ವಾರದಲ್ಲಿ ಏನೇನು ಮಾಡಿದೆ, ಎಲ್ಲೆಲ್ಲಿ ಎಡವಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಅಳತೆಯ ಪರಿಚಯ ಇಲ್ಲದವರಿಗಾಗಿ ಎರಡು ಮಾತು. "ನಮ್ಮ ಸಂಸ್ಥೆಯನ್ನು ನಿಮ್ಮ ಪರಿಚಯದವರಿಗೆ ಎಷ್ಟರಮಟ್ಟಿಗೆ ಶಿಫಾರಸು ಮಾಡುತ್ತೀರಿ?" ಎಂದು ಕೇಳಿ, 0ಯಿಂದ 10ರೊಳಗೆ ಒಂದು ಅಂಕ ಕೊಡಲು ಹೇಳುತ್ತೇವೆ. 9 ಅಥವಾ 10 ಕೊಟ್ಟವರು ಪ್ರಮೋಟರ್‌ಗಳು, 7 ಅಥವಾ 8 ಕೊಟ್ಟವರು ಪ್ಯಾಸಿವ್‌ಗಳು, 0ಯಿಂದ 6ರವರೆಗೆ ಕೊಟ್ಟವರು ಡಿಟ್ರ್ಯಾಕ್ಟರ್‌ಗಳು. ಪ್ರಮೋಟರ್‌ಗಳ ಶೇಕಡಾವಾರಿನಲ್ಲಿ ಡಿಟ್ರ್ಯಾಕ್ಟರ್‌ಗಳ ಶೇಕಡಾವಾರನ್ನು ಕಳೆದರೆ ಎನ್‌ಪಿಎಸ್ ಸಿಗುತ್ತದೆ. 2003ರ ಡಿಸೆಂಬರ್‌ನಲ್ಲಿ ಫ್ರೆಡ್ ರೈಕ್‌ಹೆಲ್ಡ್ ಅವರು ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಇದು ಹೆಸರಾಯಿತು. ಈ ಲೆಕ್ಕದಲ್ಲಿ 0 ಕೊಟ್ಟವರಿಗೂ 6 ಕೊಟ್ಟವರಿಗೂ ಒಂದೇ ತೂಕ. 8 ಕೊಟ್ಟವರು ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. ನಮ್ಮ ಕಡೆಯ ಜನ ಅಂಕ ಕೊಡುವಾಗ ಶಾಲೆಯ ಪರೀಕ್ಷೆಯನ್ನು ನೆನೆಯುತ್ತಾರೆ. ಹತ್ತಕ್ಕೆ ಎಂಟು ಎಂದರೆ ಅವರ ದೃಷ್ಟಿಯಲ್ಲಿ ಡಿಸ್ಟಿಂಕ್ಷನ್. ಹೀಗಾಗಿ ಬೇರೆ ಊರಿನ, ಬೇರೆ ಉದ್ಯಮದ ಅಂಕದೊಂದಿಗೆ ನಮ್ಮ ಅಂಕವನ್ನು ಹೋಲಿಸುವ ಗೋಜಿಗೆ ನಾನು ಹೋಗುವುದಿಲ್ಲ. ನಮ್ಮದೇ ಗ್ರಾಹಕರಲ್ಲಿ ಒಂದು ಗುಂಪನ್ನು ಇನ್ನೊಂದರೊಡನೆ ಹೋಲಿಸುವುದಕ್ಕೆ ಮಾತ್ರ ಅದನ್ನು ಬಳಸುತ್ತೇನೆ.

ಎರಡೂ ವರ್ಷ ಉತ್ತರ ಕೊಟ್ಟವರ ಸಂಖ್ಯೆ ಕಾಕತಾಳೀಯವಾಗಿ 400 ಆಗಿತ್ತು. ತಂತ್ರಜ್ಞರು ಮನೆಯಲ್ಲೇ ನಿಂತು, ಗ್ರಾಹಕರ ಕೈಯಿಂದ ಅಂಕ ಒತ್ತಿಸಿದಂತೆ ತೋರುವ ಉತ್ತರಗಳನ್ನು, ಅಂದರೆ ಕೆಲಸ ಮುಗಿಯಿತೆಂದು ದಾಖಲಾದ ಎರಡು ನಿಮಿಷದೊಳಗೆ ಬಂದವುಗಳನ್ನು, ಎರಡೂ ವರ್ಷಗಳಲ್ಲಿ ತೆಗೆದುಹಾಕಿದ ಮೇಲೆ ಉಳಿದ ಸಂಖ್ಯೆ ಇದು. ಮೊದಲ ದಿನ ಈ ಉತ್ತರಗಳನ್ನು ಮೈಸೂರು ಮತ್ತು ಮಂಡ್ಯ ಎಂದು ಎರಡಾಗಿ ಒಡೆದೆ. ಹಿಂದಿನ ವರ್ಷ ಮೈಸೂರಿನಿಂದ 320 ಉತ್ತರಗಳು ಬಂದಿದ್ದವು ಮತ್ತು ಅಂಕ 40 ಇತ್ತು. ಮಂಡ್ಯದಿಂದ ಬಂದಿದ್ದು 80 ಉತ್ತರ, ಅಂಕ 10. ಈ ವರ್ಷ ಮೈಸೂರಿನ 220 ಉತ್ತರಗಳಲ್ಲಿ 125 ಪ್ರಮೋಟರ್, 31 ಡಿಟ್ರ್ಯಾಕ್ಟರ್ ಇದ್ದು ಅಂಕ 43 ಆಗಿತ್ತು. ಮಂಡ್ಯದ 180 ಉತ್ತರಗಳಲ್ಲಿ 76 ಪ್ರಮೋಟರ್, 54 ಡಿಟ್ರ್ಯಾಕ್ಟರ್ ಇದ್ದು ಅಂಕ 12 ಆಗಿತ್ತು. ಮೈಸೂರಿನ ಅಂಕವೂ ಏರಿದೆ, ಮಂಡ್ಯದ ಅಂಕವೂ ಏರಿದೆ, ಒಟ್ಟು ಅಂಕ ಮಾತ್ರ ಇಳಿದಿದೆ. ಎಲ್ಲೋ ಸಾಲು ತಪ್ಪಿರಬೇಕೆಂದು ಅನುಮಾನಿಸಿ ಇಡೀ ಶೀಟನ್ನು ಮತ್ತೊಮ್ಮೆ ಮೊದಲಿನಿಂದ ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗಿಯೇ ಇತ್ತು.

ಕಾರಣ ಉತ್ತರಿಸಿದವರ ಪಾಲಿನಲ್ಲಿತ್ತು. ಆ ವರ್ಷದ ನಡುವೆ ನಾವು ಮಂಡ್ಯದಲ್ಲಿ ಶಾಖೆ ತೆರೆದಿದ್ದರಿಂದ ಆ ಕಡೆಯ ಗ್ರಾಹಕರು ಹೆಚ್ಚಿದ್ದರು. ಹಿಂದಿನ ವರ್ಷ ನೂರಕ್ಕೆ 20ರಷ್ಟಿದ್ದ ಮಂಡ್ಯದ ಪಾಲು ಈಗ 45 ಆಗಿತ್ತು. ಮೊದಲಿನಿಂದಲೂ ಕಡಿಮೆ ಅಂಕ ಕೊಡುತ್ತಿದ್ದ ಗುಂಪು ದೊಡ್ಡದಾದಾಗ, ಆ ಗುಂಪಿನ ಅಭಿಪ್ರಾಯ ಸ್ವಲ್ಪವೂ ಕೆಡದಿದ್ದರೂ ಒಟ್ಟು ಸರಾಸರಿ ಕೆಳಗೆ ಜಗ್ಗುತ್ತದೆ. ಮೈಸೂರು 80, ಮಂಡ್ಯ 20 ಎಂಬ ಹಿಂದಿನ ವರ್ಷದ ಪ್ರಮಾಣವನ್ನೇ ಇಟ್ಟುಕೊಂಡು ಈ ವರ್ಷದ ಅಂಕಗಳಿಗೆ ತೂಕ ಹಾಕಿದೆ. ಆಗ ಬಂದದ್ದು 37. ಅಂದರೆ ವ್ಯಾಪಾರ ಬೆಳೆದದ್ದಕ್ಕೆ ತಂತ್ರಜ್ಞರು ದಂಡ ಕಟ್ಟುವ ಹಂತಕ್ಕೆ ನಾವು ಬಂದಿದ್ದೆವು. ಅದು ತಿಳಿದಾಗ ನನಗೆ ನಿಜಕ್ಕೂ ಕಸಿವಿಸಿಯಾಯಿತು, ಏಕೆಂದರೆ ಹಿಂದಿನ ವರದಿಗಳಲ್ಲಿ ಒಟ್ಟು ಅಂಕವನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಹಾಕುತ್ತಿದ್ದವಳು ನಾನೇ.

ಆ ಐದು ಅಂಕಗಳ ಇಳಿಕೆಯನ್ನೇ ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನೂ ನೋಡಬೇಕಿತ್ತು. ಉತ್ತರಿಸಿದವರು ಎಲ್ಲ ಗ್ರಾಹಕರಲ್ಲಿ ಒಂದು ಭಾಗ ಮಾತ್ರ, ಆದ್ದರಿಂದ ಅಂಕಕ್ಕೆ ಯಾವಾಗಲೂ ಒಂದಿಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಶೀಟಿನಲ್ಲಿ ನಾನು ಬಳಸುವ ಸೂತ್ರ ಇದು. ಇದರಲ್ಲಿ p ಪ್ರಮೋಟರ್‌ಗಳ ಪಾಲು, d ಡಿಟ್ರ್ಯಾಕ್ಟರ್‌ಗಳ ಪಾಲು, ಎರಡೂ ದಶಮಾಂಶದಲ್ಲಿ. n ಉತ್ತರಗಳ ಸಂಖ್ಯೆ.

```
=100*1.96*SQRT((p+d-(p-d)^2)/n)
```

400 ಉತ್ತರಗಳ ನಮ್ಮ 29ಕ್ಕೆ ಇದು ಸುಮಾರು 8 ಎಂದು ತೋರಿಸಿತು, ಅಂದರೆ ನಿಜವಾದ ಅಂಕ 21ರಿಂದ 37ರ ನಡುವೆ ಎಲ್ಲಿಯೂ ಇರಬಹುದು. ಎರಡು ವರ್ಷಗಳ ನಡುವಿನ ವ್ಯತ್ಯಾಸಕ್ಕೆ ಈ ಅಂತರ ಇನ್ನೂ ದೊಡ್ಡದಾಗಿ ಸುಮಾರು 11 ಆಗುತ್ತದೆ, ಆದ್ದರಿಂದ 5 ಅಂಕಗಳ ಇಳಿಕೆಯನ್ನು ಇಳಿಕೆ ಎಂದು ಕರೆಯಲು ಆಧಾರವೇ ಇರಲಿಲ್ಲ. ಇದೇ ಕಾರಣಕ್ಕೆ ಮೈಸೂರಿನ 40ರಿಂದ 43ರ ಏರಿಕೆಯನ್ನು ಸಾಧನೆ ಎಂದು ಬರೆಯುವ ಹಕ್ಕೂ ನನಗಿರಲಿಲ್ಲ. ಆದರೆ ಮೈಸೂರಿಗೂ ಮಂಡ್ಯಕ್ಕೂ ಇರುವ ಸುಮಾರು 30 ಅಂಕಗಳ ಅಂತರ ಹಾಗಲ್ಲ. ಅದರ ಹೆಚ್ಚುಕಡಿಮೆ 16ರಷ್ಟು ಮಾತ್ರ. ಹಾಗಾಗಿ ಕೇಳಬೇಕಾದ ಪ್ರಶ್ನೆ "ಅಂಕ ಏಕೆ ಇಳಿಯಿತು" ಎಂಬುದಾಗಿರಲಿಲ್ಲ. ಮಂಡ್ಯದ ಅಂಕ ಎರಡು ವರ್ಷಗಳಿಂದಲೂ ಏಕೆ ಇಷ್ಟು ಕೆಳಗಿದೆ ಎಂದು ಕೇಳಬೇಕಿತ್ತು.

ಇದಕ್ಕೆ ಅಂಕಗಳು ಉತ್ತರ ಹೇಳುವುದಿಲ್ಲ. ಅಂಕದ ಕೆಳಗೆ "ಈ ಅಂಕ ಕೊಡಲು ಕಾರಣವೇನು?" ಎಂದು ನಾವು ಕೇಳುತ್ತೇವೆ, ಮತ್ತು 400 ಜನರಲ್ಲಿ 246 ಮಂದಿ ಏನಾದರೂ ಬರೆದಿದ್ದರು. ಹಿಂದಿನ ವರದಿಗಳಲ್ಲಿ ಈ ಮಾತುಗಳಲ್ಲಿ ಪದೇ ಪದೇ ಬರುವ ಪದಗಳನ್ನು ಹುಡುಕಿ ಎಣಿಸುತ್ತಿದ್ದೆವು. ಅದು ಎಂಥ ದಾರಿ ತಪ್ಪಿಸುವ ಎಣಿಕೆ ಎಂಬುದು ಈ ಬಾರಿ ಒಂದೊಂದನ್ನೂ ಕೂತು ಓದಿದಾಗ ಅರಿವಾಯಿತು. "ಬಿಸಿ" ಎಂಬ ಪದ ಹೊಗಳಿಕೆಯಲ್ಲೂ ಇದೆ, ದೂರಿನಲ್ಲೂ ಇದೆ. "ಪರವಾಗಿಲ್ಲ" ಎಂಬುದಂತೂ 8ರ ಜೊತೆಗೂ ಬಂದಿತ್ತು, 4ರ ಜೊತೆಗೂ ಬಂದಿತ್ತು. ಒಬ್ಬರಿಗೆ ಅದು ಚೆನ್ನಾಗಿದೆ ಎಂಬ ಮಾತು, ಇನ್ನೊಬ್ಬರಿಗೆ ಇನ್ನೇನು ಮಾಡುವುದು, ಸಹಿಸಿಕೊಂಡಿದ್ದೇವೆ ಎಂಬ ಮಾತು. ಕನ್ನಡ ಲಿಪಿ, ಇಂಗ್ಲಿಷ್ ಲಿಪಿಯಲ್ಲಿ ಒತ್ತಿದ ಕನ್ನಡ, ಎರಡರ ಬೆರಕೆ, ಎಲ್ಲವೂ ಇದ್ದುದರಿಂದ ಒಂದೇ ಪದ ಏಳೆಂಟು ರೂಪಗಳಲ್ಲಿ ಕಾಣಿಸುತ್ತಿತ್ತು.

ಆದ್ದರಿಂದ ಪ್ರತಿ ಮಾತಿಗೂ ಅದು ಯಾವುದರ ಬಗ್ಗೆ ಎಂಬ ಗುರುತನ್ನು ಕೈಯಾರೆ ಹಾಕುವುದೆಂದು ತೀರ್ಮಾನಿಸಿದೆ. ನನ್ನೊಬ್ಬಳ ಓದನ್ನು ನಂಬುವುದು ಬೇಡವೆಂದು, ಬಿಲ್ಲಿಂಗ್ ವಿಭಾಗದ ಸಹೋದ್ಯೋಗಿಯೊಬ್ಬರನ್ನು ಕೇಳಿಕೊಂಡು, ಒಂದೇ 60 ಮಾತುಗಳಿಗೆ ಇಬ್ಬರೂ ಬೇರೆ ಬೇರೆ ಕೂತು ಗುರುತು ಹಾಕಿದೆವು. ಹೊಂದಿಕೆಯಾದದ್ದು 41ರಲ್ಲಿ ಮಾತ್ರ. ಜಗಳವೆಲ್ಲ ಇದ್ದದ್ದು "ಸರ್ವಿಸ್ ಸರಿಯಿಲ್ಲ" ಎಂಬ ಒಂದು ಮಾತಿನ ಸುತ್ತ. ಅದನ್ನು ನಾನು ತಂತ್ರಜ್ಞರ ಮೇಲಿನ ದೂರು ಎಂದು ಗುರುತಿಸಿದ್ದೆ. ಅವರು, "ನಮ್ಮಜ್ಜಿ ಫ್ರಿಜ್ ತಣ್ಣಗಾಗದಿದ್ದರೂ ಸರ್ವಿಸ್ ಸರಿಯಿಲ್ಲ ಅಂತಾರೆ, ಅಂದ್ರೆ ಮಷೀನು ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ" ಎಂದರು. ಅನುಮಾನ ಬಂದ ಗ್ರಾಹಕರಿಗೆ ಫೋನ್ ಮಾಡಿ ಕೇಳಿದಾಗ ಸಹೋದ್ಯೋಗಿಯ ಮಾತೇ ಹೆಚ್ಚಿನ ಕಡೆ ನಿಜವಾಯಿತು. ಅಷ್ಟು ಕಾಲ ಈ ಮಾತುಗಳನ್ನೆಲ್ಲ ತಂತ್ರಜ್ಞರ ಖಾತೆಗೆ ಬರೆದಿದ್ದೆವು. ಮಂಡ್ಯದ ತಂತ್ರಜ್ಞರ ಬಗ್ಗೆ ಹಬ್ಬಿದ್ದ ಮಾತಿನ ಮೂಲ ಇದೇ ಇರಬೇಕು. ತಂತ್ರಜ್ಞರ ನಡವಳಿಕೆ, ಬರಲು ತಡ, ನೀರು ಕಾಯದಿರುವುದು, ನೀರು ಸಣ್ಣಗೆ ಬರುವುದು, ಸೋರಿಕೆ, ಹಣದ ವಿಷಯ ಎಂದು ಗುರುತುಗಳನ್ನು ಬಿಡಿಸಿ ಬರೆದುಕೊಂಡು, ಒಂದೇ ಮಾತಿಗೆ ಎರಡು ಗುರುತು ಹಾಕಲು ಅವಕಾಶ ಇಟ್ಟುಕೊಂಡು, ಬೇರೆ 60 ಮಾತುಗಳಲ್ಲಿ ಮತ್ತೆ ಪ್ರಯತ್ನಿಸಿದೆವು. ಈ ಬಾರಿ 53 ಹೊಂದಿಕೆಯಾದವು. ಉಳಿದವುಗಳನ್ನು ಆಮೇಲೆ ಹಂಚಿಕೊಂಡು ಓದಿದೆವು.

ಫಲಿತಾಂಶ ನಮ್ಮ ಸಭೆಯ ಊಹೆಗೆ ತದ್ವಿರುದ್ಧವಾಗಿತ್ತು. ಮಂಡ್ಯದ 54 ಡಿಟ್ರ್ಯಾಕ್ಟರ್‌ಗಳಲ್ಲಿ ಕಾರಣ ಬರೆದವರು 46. ಅವರಲ್ಲಿ 27 ಮಂದಿ ನೀರು ಕಾಯುತ್ತಿಲ್ಲ ಅಥವಾ ಸಣ್ಣಗೆ ಬರುತ್ತಿದೆ ಎಂದಿದ್ದರು. ತಂತ್ರಜ್ಞರ ಬಗ್ಗೆ ಅಥವಾ ತಡದ ಬಗ್ಗೆ ದೂರಿದವರು ಏಳೇ ಜನ. ಮೈಸೂರಿನ 31 ಡಿಟ್ರ್ಯಾಕ್ಟರ್‌ಗಳಲ್ಲಿ ಬರೆದವರು 24, ಅವರಲ್ಲಿ 13 ಮಂದಿ ಫೋನ್ ಎತ್ತುವುದಿಲ್ಲ, ಹೇಳಿದ ದಿನ ಬರುವುದಿಲ್ಲ ಎಂದಿದ್ದರು. ತಡವಾಗುತ್ತಿದ್ದದ್ದು ಮೈಸೂರಿನಲ್ಲಿ, ದಂಡ ಹಾಕಲು ಹೊರಟಿದ್ದದ್ದು ಮಂಡ್ಯದವರಿಗೆ.

ಡಿಟ್ರ್ಯಾಕ್ಟರ್‌ಗಳ ಮಾತನ್ನಷ್ಟೇ ಓದಿ ನಿಲ್ಲಿಸಿದ್ದರೆ ಒಂದು ವಿಷಯ ಕೈತಪ್ಪುತ್ತಿತ್ತು. ಮಂಡ್ಯದ 76 ಪ್ರಮೋಟರ್‌ಗಳಲ್ಲಿ ಒಂಬತ್ತು ಮಂದಿ 9 ಅಥವಾ 10 ಅಂಕ ಕೊಟ್ಟೂ ದೂರು ಬರೆದಿದ್ದರು. ಮಳವಳ್ಳಿ ಕಡೆಯ ಒಬ್ಬರು ಹತ್ತಕ್ಕೆ ಹತ್ತು ಕೊಟ್ಟು, "ಹುಡ್ಗ ಒಳ್ಳೆವ್ನು, ಕರೆದ ತಕ್ಷಣ ಬಂದ. ನೀರು ಮಾತ್ರ ಬೆಳಿಗ್ಗೆ ಕಾದಿರಾಕಿಲ್ಲ" ಎಂದು ಬರೆದಿದ್ದರು. ಆ ಹತ್ತು ಹುಡುಗನಿಗೆ ಸಂದ ಅಂಕ, ನಮ್ಮ ಹೀಟರಿಗೆ ಸಂದದ್ದಲ್ಲ. ಪ್ರಶ್ನೆಯಲ್ಲಿ ಸಂಸ್ಥೆ ಎಂದಿದ್ದರೂ, ಉತ್ತರಿಸುವವರ ಕಣ್ಣ ಮುಂದೆ ಇರುವುದು ಆ ದಿನ ಮನೆಗೆ ಬಂದು ಹೋದ ಮನುಷ್ಯ.

ಇನ್ನು ನೀರು ಕಾಯದಿರಲು ಕಾರಣವೇನು? ದೂರಿದ ಆ 27 ಮಾತುಗಳನ್ನು ಒಂದೇ ಹಾಳೆಯಲ್ಲಿ ಜೋಡಿಸಿಕೊಂಡು ಓದುತ್ತಿದ್ದಾಗ ಕೆಲವು ನುಡಿಗಳು ಮರುಕಳಿಸುವುದು ಕಂಡಿತು: "ಮೊದ್ಲು ಚೆನ್ನಾಗಿತ್ತು", "ಒಂದು ವರ್ಷ ಆದ್ಮೇಲೆ", "ನಲ್ಲಿಲಿ ಬಿಳೀ ಪುಡಿ ಬತ್ತದೆ". ಬಿಳಿ ಪುಡಿ ಎಂಬುದನ್ನು ನಾನು ಟ್ಯಾಂಕಿನ ಕೊಳೆ ಎಂದುಕೊಂಡಿದ್ದೆ. ಮದ್ದೂರು ಭಾಗದ ಹಿರಿಯ ತಂತ್ರಜ್ಞರಿಗೆ ಫೋನಿನಲ್ಲಿ ಓದಿ ಹೇಳಿದಾಗ ಅವರು ತಡವರಿಸಲಿಲ್ಲ. "ಅದು ಬೋರ್ ನೀರು ಮೇಡಂ. ಸುಣ್ಣ ಕಟ್ಟುತ್ತೆ. ನಾವು ಎಷ್ಟು ಸಲ ಹೇಳಿದ್ದೀವಿ, ಜಾಬ್ ಕಾರ್ಡಲ್ಲಿ ಬರೆಯಕ್ಕೆ ಜಾಗವೇ ಇಲ್ಲ" ಎಂದರು.

ನಮ್ಮ ದಾಖಲೆಗಳಲ್ಲಿ ಗ್ರಾಹಕರ ಊರಿತ್ತು, ಮಾಡೆಲ್ ಇತ್ತು, ಕೂರಿಸಿದ ತಾರೀಖಿತ್ತು. ನೀರು ಎಲ್ಲಿಂದ ಬರುತ್ತದೆ ಎಂಬುದು ಇರಲಿಲ್ಲ. ನಾನೂ ಬಿಲ್ಲಿಂಗ್ ವಿಭಾಗದ ಆ ಸಹೋದ್ಯೋಗಿಯೂ ಮೂರು ದಿನ ಕೂತು, 400 ಜನರಿಗೂ ಫೋನ್ ಮಾಡಿ ಅಥವಾ ಸಂದೇಶ ಕಳಿಸಿ, ಮನೆಗೆ ಕಾವೇರಿಯ ನಲ್ಲಿ ನೀರೋ ಬೋರ್‌ವೆಲ್ ನೀರೋ ಎಂದು ಕೇಳಿ ಬರೆದುಕೊಂಡೆವು. ಮಂಡ್ಯದ 180ರಲ್ಲಿ ನಲ್ಲಿ ನೀರಿನವರು 76, ಬೋರ್‌ವೆಲ್ ನೀರಿನವರು 104. ನಲ್ಲಿ ನೀರಿನವರ ಎನ್‌ಪಿಎಸ್ 41, ಅಂದರೆ ಮೈಸೂರಿಗೆ ಹೆಚ್ಚುಕಡಿಮೆ ಸಮ. ಬೋರ್‌ವೆಲ್ ನೀರಿನವರದು ಸೊನ್ನೆಗಿಂತ ಕೆಳಗೆ, ಮೈನಸ್ 9. ಈ 104 ಮನೆಗಳನ್ನು ಹೀಟರಿನ ವಯಸ್ಸಿನಿಂದ ಮತ್ತೆ ಒಡೆದಾಗ, ಒಂದು ವರ್ಷ ತುಂಬದ 45 ಹೀಟರ್‌ಗಳ ಮನೆಯವರು 27 ಕೊಟ್ಟಿದ್ದರು, ಅದಕ್ಕಿಂತ ಹಳೆಯ 59ರವರು ಮೈನಸ್ 36. ಮಂಡ್ಯ ಎಂಬ ಗುಂಪೇ ಒಂದು ಮುಸುಕಾಗಿತ್ತು. ಅದರೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಗುಂಪುಗಳಿದ್ದವು.

ಇಲ್ಲಿಗೆ ನಿಲ್ಲಿಸದಿರಲು ಕಾರಣವಿತ್ತು. ಮಾತುಗಳನ್ನು ಓದಿ ಒಂದು ಊಹೆ ಕಟ್ಟಿಕೊಂಡು, ಅದೇ ಉತ್ತರಗಳನ್ನು ಆ ಊಹೆಗೆ ತಕ್ಕಂತೆ ಒಡೆದರೆ ಊಹೆ ನಿಜವೆಂದು ತೋರುವುದು ಸುಲಭ. ಸಾಕಷ್ಟು ಬಗೆಗಳಲ್ಲಿ ಒಡೆಯುತ್ತಾ ಹೋದರೆ ಎಲ್ಲಾದರೂ ಒಂದು ದೊಡ್ಡ ಅಂತರ ಸಿಕ್ಕೇ ಸಿಗುತ್ತದೆ. ಆದ್ದರಿಂದ ವಾರದ ಕೊನೆಗೆ ಆ ಹಿರಿಯ ತಂತ್ರಜ್ಞರ ಜೊತೆ ಮದ್ದೂರಿನ ಸುತ್ತ ಬೋರ್‌ವೆಲ್ ನೀರಿನ ಹತ್ತು ಮನೆಗಳಿಗೆ ಹೋದೆ. ಆರು ದೂರಿದವರ ಮನೆಗಳು, ನಾಲ್ಕು ಪ್ರಮೋಟರ್‌ಗಳ ಮನೆಗಳು. ಈ ನಾಲ್ಕನ್ನು ಬೇಕೆಂದೇ ಸೇರಿಸಿದ್ದೆ, ಏಕೆಂದರೆ ನೀರೇ ಕಾರಣವಾಗಿದ್ದರೆ ಅದೇ ನೀರು ಬಳಸುವ ಇವರು ಏಕೆ ಸಂತೋಷವಾಗಿದ್ದಾರೆ ಎಂಬುದಕ್ಕೂ ಉತ್ತರ ಸಿಗಬೇಕಿತ್ತು.

ನಾವು ಆ ಭಾಗದಲ್ಲಿ ಹೆಚ್ಚು ಮಾರಿದ್ದು ಫ್ಲಾಟ್ ಪ್ಲೇಟ್ ಮಾಡೆಲ್. ಇದರಲ್ಲಿ ಗಾಜಿನ ಕೆಳಗಿನ ಕಪ್ಪು ಹಾಳೆಗೆ ಅಂಟಿಕೊಂಡ ತಾಮ್ರದ ಸಣ್ಣ ಕೊಳವೆಗಳಲ್ಲಿ ಮನೆಯ ನೀರೇ ನೇರವಾಗಿ ಹರಿಯುತ್ತದೆ. ಕಾದ ನೀರು ಹಗುರವಾಗಿ ತಾನೇ ಮೇಲೇರಿ ಟ್ಯಾಂಕ್ ಸೇರುತ್ತದೆ, ತಣ್ಣನೆಯ ನೀರು ಕೆಳಗಿಳಿಯುತ್ತದೆ. ಪಂಪು ಇರುವುದಿಲ್ಲ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೊಳವೆಯ ಒಳಗೋಡೆಗೆ ಪದರಪದರವಾಗಿ ಕಟ್ಟಿಕೊಳ್ಳುತ್ತದೆ. ಕೊಳವೆ ಕಿರಿದಾಗುತ್ತಾ ಹೋದಂತೆ, ತಾನಾಗಿ ನಡೆಯುವ ಈ ಸುತ್ತಾಟ ನಿಧಾನವಾಗುತ್ತದೆ. ಮೊದಲ ವರ್ಷ ಚೆನ್ನಾಗಿದ್ದು ಆಮೇಲೆ ಕೆಡಲು ಕಾರಣ ಇದು. ದೂರಿದ ಆರು ಮನೆಗಳಲ್ಲಿ ಐದರಲ್ಲಿ ಕೊಳವೆಯ ಬಾಯಲ್ಲಿ ಬಿಳಿ ಹೆಕ್ಕಳಿಕೆ ಕಣ್ಣಿಗೇ ಕಾಣುತ್ತಿತ್ತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರಿನ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಹನಿ ಎಣಿಸುವ ಕಿಟ್ಟಿನಲ್ಲಿ ನೋಡಿದಾಗ ಆ ಐದರಲ್ಲಿ ಮೂರು ಮನೆಗಳ ನೀರು 600ನ್ನೂ ದಾಟಿತ್ತು. ಆರನೆಯ ಮನೆಯ ತೊಂದರೆ ಬೇರೆಯೇ ಆಗಿತ್ತು: ಪಕ್ಕದಲ್ಲಿ ಎದ್ದ ಹೊಸ ಕಟ್ಟಡದ ನೆರಳು ಮಧ್ಯಾಹ್ನದ ನಂತರ ಪ್ಲೇಟಿನ ಮೇಲೆ ಬೀಳುತ್ತಿತ್ತು.

ನಾಲ್ಕು ಪ್ರಮೋಟರ್‌ಗಳ ಮನೆಗಳಲ್ಲಿ ಎರಡರಲ್ಲಿ ವಾಟರ್ ಸಾಫ್ಟನರ್ ಇತ್ತು. ಒಂದರ ಹೀಟರಿಗೆ ಐದು ತಿಂಗಳು ಮಾತ್ರ ಆಗಿತ್ತು. ನಾಲ್ಕನೆಯ ಮನೆಯವರು ಪ್ರತಿ ವರ್ಷ ಸ್ವಂತ ಖರ್ಚಿನಲ್ಲಿ ಸುಣ್ಣ ತೆಗೆಸುತ್ತಿದ್ದರು. ಹತ್ತು ಮನೆಗಳಿಂದ ಏನನ್ನೂ ಸಾಧಿಸಿ ತೋರಿಸಲಾಗದು, ಆದರೆ ಅಂಕ, ಮಾತು, ಕೊಳವೆಯ ಬಾಯಿ ಮೂರೂ ಒಂದೇ ಕಡೆ ಬೆರಳು ಮಾಡಿದ್ದವು.

ಸೋಮವಾರದ ಸಭೆಯಲ್ಲಿ ಒಟ್ಟು ಅಂಕವನ್ನು ಕೊನೆಗೆ ಇಟ್ಟುಕೊಂಡೆ. ಮೊದಲು ತೋರಿಸಿದ್ದು ಬೋರ್‌ವೆಲ್ ನೀರಿನ ಎರಡು ಸಾಲುಗಳು ಮತ್ತು ಅವುಗಳ ಕೆಳಗೆ ಗ್ರಾಹಕರದೇ ಮಾತುಗಳು, ತಿದ್ದದೆ, ಅವರು ಬರೆದಂತೆಯೇ. ಮುಖ್ಯಸ್ಥರು ಬಹಳ ಹೊತ್ತು ಆ ಮಾತುಗಳನ್ನೇ ಓದಿದರು. ಆಮೇಲೆ ಕೇಳಿದ್ದು, "ಇದು ಸೇಲ್ಸ್‌ನವರಿಗೆ ಗೊತ್ತಿರಲಿಲ್ವಾ?" ಎಂದು. ಇನ್ಸೆಂಟಿವ್ ತಡೆಯುವ ಮಾತು ಅಲ್ಲಿಗೇ ಬಿದ್ದುಹೋಯಿತು. ಮಾರುವ ಮೊದಲು ನೀರಿನ ಮೂಲ ಕೇಳಿ ಗಡಸುತನ ನೋಡುವುದು, ಗಡಸಿದ್ದ ಕಡೆ, ಮನೆಯ ನೀರು ಆ ಸಣ್ಣ ಕೊಳವೆಗಳಲ್ಲಿ ಹರಿಯದಂತೆ ಹೀಟ್ ಎಕ್ಸ್‌ಚೇಂಜರ್ ಇರುವ ಮಾಡೆಲನ್ನೇ ಸೂಚಿಸುವುದು, ಈಗಾಗಲೇ ಕೂರಿಸಿದ ಮನೆಗಳಿಗೆ ವರ್ಷಕ್ಕೊಮ್ಮೆ ಸುಣ್ಣ ತೆಗೆಯುವ ಕೆಲಸವನ್ನು ಸೇವಾ ಒಪ್ಪಂದದೊಳಗೆ ಸೇರಿಸುವುದು ಎಂದು ನಿರ್ಧಾರವಾಯಿತು. ಮೈಸೂರಿನ ಫೋನ್ ತೊಂದರೆಗೆ ಬೇರೆ ಸಭೆ ನಡೆಯಿತು.

ಒಂದು ಸಾಲಿನ ಬಗ್ಗೆ ಮಾತ್ರ ನಾನು ಖಚಿತವಾಗಿ ಏನನ್ನೂ ಹೇಳಲಿಲ್ಲ. ಮೈಸೂರಿನ 220ರಲ್ಲಿ, ಊರ ಹೊರಗಿನ ಹೊಸ ಬಡಾವಣೆಗಳಲ್ಲಿ ಬೋರ್‌ವೆಲ್ ನೀರು ಬಳಸುವ 34 ಮನೆಗಳಿದ್ದವು. ಅವರ ಅಂಕ 3. ನಮ್ಮ ಕಥೆಗೆ ಅದು ಚೆನ್ನಾಗಿ ಹೊಂದುತ್ತದೆ, ಆದರೆ 34 ಉತ್ತರಗಳಿಗೆ ಹೆಚ್ಚುಕಡಿಮೆ 28 ಅಂಕದಷ್ಟು ಬರುವುದರಿಂದ, ಆ ಅಂಕವನ್ನು ಚಾರ್ಟಿನಲ್ಲಿ ಹಾಕದೆ, ಅವರು ಬರೆದ ಮಾತುಗಳನ್ನು ಮಾತ್ರ ಸೇರಿಸಿದೆ. ಅಲ್ಲದೆ ಆ ಮೂರು ತಿಂಗಳಲ್ಲಿ ನಾವು ಸಂದೇಶ ಕಳಿಸಿದ್ದು ಸುಮಾರು 1,150 ಜನರಿಗೆ. ಉತ್ತರಿಸದೆ ಉಳಿದವರು ಬೇಸತ್ತು ಸುಮ್ಮನಾದವರೋ, ತೃಪ್ತಿಯಿಂದ ಸುಮ್ಮನಾದವರೋ ಈ ಅಂಕಗಳಿಂದ ತಿಳಿಯುವುದಿಲ್ಲ ಎಂಬುದನ್ನೂ ವರದಿಯಲ್ಲಿ ಬರೆದೆ.

ಆಮೇಲಿನ ಮೂರು ತಿಂಗಳಲ್ಲಿ ನೀರಿನ ಮೂಲವನ್ನು ಜಾಬ್ ಕಾರ್ಡಿನಲ್ಲೇ ಮೊದಲೇ ದಾಖಲಿಸಿಕೊಂಡು, ಹೊಸ ಉತ್ತರಗಳ ಮೇಲೆ ಅದೇ ಒಡಕನ್ನು ನೋಡಿದೆವು. ಬೋರ್‌ವೆಲ್ ಮತ್ತು ನಲ್ಲಿ ನೀರಿನ ಅಂತರ ಮತ್ತೆ ಅಷ್ಟೇ ದೊಡ್ಡದಾಗಿ ಕಾಣಿಸಿತು. ಸುಣ್ಣ ತೆಗೆಯುವ ಕೆಲಸ ಆಗ ಇನ್ನೂ ಹತ್ತಾರು ಮನೆಗಳಿಗಷ್ಟೇ ಮುಟ್ಟಿತ್ತು, ಹಾಗಾಗಿ ಅಂಕ ಏರದಿದ್ದುದಕ್ಕೆ ಯಾರೂ ಆಶ್ಚರ್ಯಪಡಲಿಲ್ಲ. ಸುಣ್ಣ ತೆಗೆಸಿಕೊಂಡ ಮನೆಗಳಿಗೆ ಆರು ತಿಂಗಳ ನಂತರ ಅದೇ ಪ್ರಶ್ನೆಯನ್ನು ಮತ್ತೆ ಕಳಿಸಲಿದ್ದೇವೆ. ಹನಿ ಎಣಿಸುವ ಕಿಟ್ಟನ್ನು ಈ ವಾರ ನಮ್ಮವರು ಮೈಸೂರಿನ ಆ 34 ಮನೆಗಳಿಗೆ ಒಯ್ಯುತ್ತಿದ್ದಾರೆ.